ಮುಗಿದ ಕೆಲಸಕ್ಕೂ ‘ಅಪೂರ್ಣ’ ಕ್ರಿಯಾಪದ: ರಷ್ಯನ್ ಬರೆಯುವಾಗ ನಾವು ತಪ್ಪೋ ಜಾಗ

ಪುಣೆಯ ರಾನಡೆ ಇನ್‌ಸ್ಟಿಟ್ಯೂಟ್‌ನಲ್ಲೋ, ಚೆನ್ನೈ, ಮುಂಬೈನ ರಷ್ಯನ್ ಹೌಸ್‌ನಲ್ಲೋ, ಇಲ್ಲಾ ಮನೆಯಲ್ಲೇ ಕೂತು ಆನ್‌ಲೈನಲ್ಲೋ ರಷ್ಯನ್ ಕಲೀತಿರೋರು ನಮ್ಮಲ್ಲಿ ಕೆಲವರಿದ್ದೀರಿ. ಈ ಸಲದ ಮಾತು ನಿಮಗೆ. ಕಲಿಯದವರೂ ಕೇಳಬಹುದು, ಯಾಕಂದ್ರೆ ನಡುನಡುವೆ ಕನ್ನಡದ ಬಗ್ಗೆಯೇ ಒಂದೆರಡು ವಿಷಯ ಬರುತ್ತೆ. ವಿಡಿಯೋದಲ್ಲಿ ಬೋರ್ಡ್ ಮೇಲೆ ಬರೆದ ರಷ್ಯನ್ ಪದಗಳನ್ನ ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೀನಿ. ಉಚ್ಚಾರಣೆಗಿಂತ ಸ್ಪೆಲಿಂಗಿಗೆ ಹತ್ತಿರ ಇಟ್ಟಿದ್ದೀನಿ, ದೀರ್ಘ ಇರೋ ಕಡೆ ಒತ್ತು ಅಂತ ತಿಳ್ಕೊಳ್ಳಿ.

ವಿಷಯ ಏನು ಅಂದ್ರೆ ಕ್ರಿಯಾಪದದ ಆಸ್ಪೆಕ್ಟ್. ರಷ್ಯನ್‌ನಲ್ಲಿ ಇದಕ್ಕೆ ‘ವಿದ್’ ಅಂತಾರೆ. ಆ ಪದದ ಅರ್ಥ ‘ನೋಟ’. ಈ ಅರ್ಥವನ್ನ ಸ್ವಲ್ಪ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಒಂದು ಕಾಗದ ನೋಡೋಣ. ಪುಣೆಯಲ್ಲಿರೋ ನಮ್ಮ ಗೆಳೆಯರೊಬ್ಬರು, ಹುಬ್ಬಳ್ಳಿ ಕಡೆಯವರು, ಒಂದೂವರೆ ವರ್ಷದಿಂದ ರಷ್ಯನ್ ಕಲೀತಿದ್ದಾರೆ. ಅವರ ಟೀಮ್ ಜೊತೆ ಕೆಲಸ ಮಾಡೋ ಒಬ್ಬ ಹಿರಿಯ ಎಂಜಿನಿಯರ್ ಕಜಕಸ್ತಾನದ ಅಲ್ಮಾಟಿಯಲ್ಲಿದ್ದಾರೆ, ರಷ್ಯನ್ ಮಾತಾಡೋರು. ಅವರಿಗೆ ಕಳಿಸೋಕೆ ಅಂತ ಗೆಳೆಯರು ಆರು ವಾಕ್ಯ ಬರೆದು, ಕಳಿಸೋ ಮೊದಲು ನನಗೆ ತೋರಿಸಿದರು. ಅವರ ಒಪ್ಪಿಗೆ ತಗೊಂಡೇ ಇಲ್ಲಿ ಹಾಕಿದ್ದೀನಿ. ಪ್ರತಿ ವಾಕ್ಯದ ಪಕ್ಕದಲ್ಲಿರೋ ಕನ್ನಡ, ಅವರು ಹೇಳಬೇಕು ಅಂದ್ಕೊಂಡಿದ್ದ ಮಾತು.

1. ವ್ಚೆರಾ ಯಾ ವೆಸ್ ದೆನ್ ಪ್ರೊವೇರಿಲ್ ಸೇರ್ವೆರ್. (ನಿನ್ನೆ ಇಡೀ ದಿನ ಸರ್ವರ್ ಚೆಕ್ ಮಾಡಿದೆ.)
2. ಯಾ ಇಸ್ಪ್ರವ್ಲ್ಯಾಲ್ ಒಶೀಬ್ಕು. (ತಪ್ಪು ಸರಿಮಾಡಿದೆ.)
3. ಯಾ ನಾಚಲ್ ನಪಿಸಾತ್ ಒತ್ಚೋತ್. (ರಿಪೋರ್ಟ್ ಬರೆಯೋಕೆ ಶುರು ಮಾಡಿದೆ.)
4. ಜ಼ಾವ್ತ್ರ ಯಾ ಬೂದು ಜ಼ಕೋಂಚಿತ್ ಒತ್ಚೋತ್. (ನಾಳೆ ರಿಪೋರ್ಟ್ ಮುಗಿಸ್ತೀನಿ.)
5. ವಿ ಪ್ರೊಚಿತಾಲಿ ನಾಶ್ ದೊಕುಮೇಂತ್? (ನಮ್ಮ ಡಾಕ್ಯುಮೆಂಟ್ ಓದಿದ್ದೀರಾ?)
6. ನೆ ಉದಲೀತೆ ಸ್ತಾರಿಯೆ ಫಾಯ್ಲಿ. (ಹಳೇ ಫೈಲುಗಳನ್ನ ಡಿಲೀಟ್ ಮಾಡಬೇಡಿ.)

ಸ್ಪೆಲಿಂಗ್ ಎಲ್ಲ ಸರಿ. ವಿಭಕ್ತಿ ಪ್ರತ್ಯಯ ಎಲ್ಲ ಸರಿ. ಆದರೆ ಆರಕ್ಕೆ ಆರೂ ವಾಕ್ಯದಲ್ಲಿ ಆಸ್ಪೆಕ್ಟ್ ತಪ್ಪಿದೆ. ಮಜಾ ಅಂದ್ರೆ ಆರೂ ಒಂದೇ ಜಾತಿಯ ತಪ್ಪಲ್ಲ. ಎರಡು ವಾಕ್ಯ ರಷ್ಯನ್‌ನಲ್ಲಿ ಸಾಧ್ಯವೇ ಇಲ್ಲ. ಒಂದು ವಾಕ್ಯ ತನ್ನನ್ನ ತಾನೇ ವಿರೋಧಿಸುತ್ತೆ. ಉಳಿದ ಮೂರು ವ್ಯಾಕರಣದ ಪ್ರಕಾರ ಚೊಕ್ಕವಾಗಿವೆ, ಆದರೆ ಬರೆದವರು ಹೇಳಬೇಕು ಅಂದ್ಕೊಂಡದ್ದು ಒಂದು, ಓದಿದವರಿಗೆ ತಿಳಿಯೋದು ಇನ್ನೊಂದು. ನನ್ನ ಪ್ರಕಾರ ಅಪಾಯ ಇರೋದು ಈ ಕೊನೆಯ ಮೂರರಲ್ಲಿ.

ಮೊದಲು ಹಿನ್ನೆಲೆ, ಚಿಕ್ಕದಾಗಿ. ಕನ್ನಡದಲ್ಲಿ ‘ಬರೆ’ ಅನ್ನೋದು ಒಂದೇ ಧಾತು. ಬರೆದೆ, ಬರೀತಿದ್ದೆ, ಬರೆದಿದ್ದೀನಿ, ಬರೆದುಬಿಟ್ಟೆ ಅಂತ ಬಾಲ ಬದಲಾಯಿಸಿ ನಮಗೆ ಬೇಕಾದ ಛಾಯೆ ತರ್ತೀವಿ. ರಷ್ಯನ್‌ನಲ್ಲಿ ಬಾಲಕ್ಕೆ ಬರೋ ಮೊದಲೇ, ನಿಘಂಟಿನಿಂದ ಪದ ಎತ್ತುವಾಗಲೇ ತೀರ್ಮಾನ ಆಗಬೇಕು. ಹೆಚ್ಚಿನ ಕ್ರಿಯಾಪದಗಳು ಜೋಡಿಯಾಗಿ ಇರ್ತವೆ: ಪಿಸಾತ್ ಮತ್ತು ನಪಿಸಾತ್, ಎರಡೂ ‘ಬರೆ’. ಚಿತಾತ್ ಮತ್ತು ಪ್ರೊಚಿತಾತ್, ಎರಡೂ ‘ಓದು’. ಮೊದಲನೆಯದು ಅಪೂರ್ಣ, ಎರಡನೆಯದು ಪೂರ್ಣ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕನ್ನಡದಲ್ಲಿ ಇದು ಕೊನೆಗೆ ಕೊಡೋ ಆರ್ಗ್ಯುಮೆಂಟ್, ರಷ್ಯನ್‌ನಲ್ಲಿ ಆಬ್ಜೆಕ್ಟಿನ ಟೈಪೇ ಬೇರೆ. ಹಾಗಾಗಿ ‘ಬರೆಯೋಕೆ’, ‘ಬರೆಯಬೇಡ’, ‘ಬರೀಬೇಕು’ ಅಂತ ಏನೇ ಹೇಳಿದರೂ ಯಾವ ‘ಬರೆ’ ಅನ್ನೋ ಪ್ರಶ್ನೆ ತಪ್ಪಿಸಿಕೊಳ್ಳೋಕಾಗಲ್ಲ. ನಾವು ‘ಬರೆಯೋಕೆ’ ಅನ್ನುವಾಗ ಈ ಪ್ರಶ್ನೆ ಸಾಮಾನ್ಯವಾಗಿ ತಲೆಗೇ ಬರಲ್ಲ.

ಕ್ಲಾಸಿನ ಮೊದಲ ವಾರದಲ್ಲಿ ಒಂದು ಸೂತ್ರ ಕೊಡ್ತಾರೆ: ಕೆಲಸ ಮುಗಿದಿದ್ದರೆ ಪೂರ್ಣ, ಮುಗಿಯದಿದ್ದರೆ ಅಪೂರ್ಣ. ಪೂರ್ಣ, ಅಪೂರ್ಣ ಅನ್ನೋ ಹೆಸರುಗಳೂ ಅದನ್ನೇ ಹೇಳ್ತವೆ. ಈ ಸೂತ್ರ ಅರ್ಧ ನಿಜ. ಉಳಿದ ಅರ್ಧದಿಂದಲೇ ಮೇಲಿನ ಕಾಗದದ ಎಷ್ಟೋ ತಪ್ಪು ಹುಟ್ಟಿರೋದು.

ಸುಲಭದ್ದು ಮೊದಲು ಮುಗಿಸೋಣ. ಮೂರನೇ ವಾಕ್ಯ ‘ನಾಚಲ್ ನಪಿಸಾತ್’. ಶುರು ಮಾಡು, ಮುಂದುವರಿಸು, ನಿಲ್ಲಿಸು ಅನ್ನೋ ಪದಗಳ ಜೊತೆ ಬರೋ ಕ್ರಿಯಾಪದ ಯಾವಾಗಲೂ ಅಪೂರ್ಣ. ಕಾರಣ ಸರಳ: ಶುರು, ನಡು, ಕೊನೆ ಅಂತ ಭಾಗ ಮಾಡಬೇಕಾದರೆ ಕೆಲಸದ ಒಳಗೆ ನಿಂತು ನೋಡಬೇಕು. ಪೂರ್ಣ ರೂಪ ಕೆಲಸವನ್ನ ಹೊರಗಿನಿಂದ, ಒಂದೇ ಉಂಡೆಯಾಗಿ ತೋರಿಸುತ್ತೆ. ಉಂಡೆಗೆ ಶುರು ಇಲ್ಲ. ಆದ್ದರಿಂದ ‘ನಾಚಲ್ ಪಿಸಾತ್’.

ನಾಲ್ಕನೆಯದು ‘ಬೂದು ಜ಼ಕೋಂಚಿತ್’. ‘ಬೂದು’ ಅನ್ನೋ ಭವಿಷ್ಯದ ಸಹಾಯಕ ಪದ ಅಪೂರ್ಣದ ಜೊತೆ ಮಾತ್ರ ಬರುತ್ತೆ. ಪೂರ್ಣ ಕ್ರಿಯಾಪದಕ್ಕೆ ವರ್ತಮಾನದ ಪ್ರತ್ಯಯ ಹಾಕಿದರೆ ಅದೇ ಭವಿಷ್ಯ: ಜ಼ಕೋಂಚು, ಮುಗಿಸ್ತೀನಿ. ಇದು ಕನ್ನಡಿಗರಿಗೆ ಕಷ್ಟ ಆಗಬಾರದು. ‘ನಾಳೆ ಮುಗಿಸ್ತೀನಿ’ ಅನ್ನುವಾಗ ನಾವೂ ಪ್ರತ್ಯೇಕ ಭವಿಷ್ಯದ ಪದ ಹಾಕಲ್ಲ, ‘ದಿನಾ ಮುಗಿಸ್ತೀನಿ’ ಅನ್ನೋ ಅದೇ ರೂಪ ಬಳಸ್ತೀವಿ. ಇಲ್ಲಿ ತೊಂದರೆ ಕೊಟ್ಟಿರೋದು ಕನ್ನಡ ಅಲ್ಲ, ಇಂಗ್ಲಿಷ್ ಮೀಡಿಯಮ್. ‘ವಿಲ್’ ಎಲ್ಲಿ ಅಂತ ಹುಡುಕಿ ‘ಬೂದು’ ತಂದು ಅಂಟಿಸಿದ್ದಾರೆ.

ಈ ಎರಡನ್ನ ಮಶೀನಿಗೂ ಹೇಳಿಕೊಡಬಹುದು. ಪೈಥಾನ್‌ನಲ್ಲಿ ರಷ್ಯನ್ ಪದರೂಪ ಬಿಡಿಸೋ ಒಂದು ಲೈಬ್ರರಿ ಇದೆ:

```python
import pymorphy3
m = pymorphy3.MorphAnalyzer()
print(m.parse("написать")[0].tag.aspect)   # perf
print(m.parse("писать")[0].tag.aspect)     # impf
```

‘ನಾಚಲ್’ ಅಥವಾ ‘ಬೂದು’ ಆದ ಮೇಲೆ ಬರೋ ಕ್ರಿಯಾಪದದ ಟ್ಯಾಗ್ `perf` ಆಗಿದ್ದರೆ ಕೆಂಪು ಗೆರೆ ಎಳೆ ಅಂತ ಹತ್ತು ಸಾಲಲ್ಲಿ ಬರೀಬಹುದು. ಆದರೆ ಇದೇ ಟ್ಯಾಗ್ ಎರಡನೇ, ಐದನೇ, ಆರನೇ ವಾಕ್ಯಕ್ಕೆ ಏನೂ ಉಪಯೋಗ ಇಲ್ಲ. ಅಲ್ಲಿ ಯಾವ ರೂಪ ಇದೆ ಅಂತ ಟ್ಯಾಗ್ ಹೇಳುತ್ತೆ, ಯಾವುದು ಇರಬೇಕಿತ್ತು ಅಂತ ಹೇಳಲ್ಲ. ಸ್ಪೆಲ್ ಚೆಕ್ಕರ್ ಕೂಡ ಸುಮ್ಮನಿರುತ್ತೆ, ಯಾಕಂದ್ರೆ ಎರಡೂ ನಿಘಂಟಿನಲ್ಲಿರೋ ಪದಗಳೇ.

ಈಗ ಮೊದಲ ವಾಕ್ಯ. ‘ವೆಸ್ ದೆನ್ ಪ್ರೊವೇರಿಲ್’, ಇಡೀ ದಿನ ಚೆಕ್ ಮಾಡಿದೆ. ನಮ್ಮ ಗೆಳೆಯರ ತರ್ಕ ನೇರ: ನಿನ್ನೆಯ ಕೆಲಸ, ನಿನ್ನೆಯೇ ಮುಗೀತು, ಹಾಗಾಗಿ ಪೂರ್ಣ. ಕನ್ನಡದ ‘ಮಾಡಿದೆ’ಯೂ ಅದಕ್ಕೆ ಕುಮ್ಮಕ್ಕು ಕೊಡುತ್ತೆ. ಆದರೆ ‘ಇಡೀ ದಿನ’ ಅನ್ನೋದು ಎಷ್ಟು ಹೊತ್ತು ಮಾಡಿದೆ ಅಂತ ಹೇಳೋ ಮಾತು, ಕೆಲಸ ತುದಿ ಮುಟ್ಟಿತಾ ಇಲ್ವಾ ಅಂತ ಹೇಳೋ ಮಾತಲ್ಲ. ಉಂಡೆಯನ್ನ ಹೊರಗಿನಿಂದ ನೋಡ್ತಾ ಅದರೊಳಗೆ ಹೊತ್ತು ಹರಿಯೋದನ್ನ ಅಳೆಯೋಕಾಗಲ್ಲ. ಹಾಗಾಗಿ ಸರ್ವರ್ ಚೆಕ್ ಮಾಡೋದು ನಿನ್ನೆಯೇ ಮುಗಿದಿದ್ದರೂ ಇಲ್ಲಿ ‘ಪ್ರೊವೆರ್ಯಾಲ್’ ಅನ್ನೋ ಅಪೂರ್ಣವೇ ಬರಬೇಕು.

ಇದನ್ನ ಪತ್ತೆ ಮಾಡೋಕೆ ಕನ್ನಡದಲ್ಲೇ ಒಂದು ಒಳ್ಳೆ ಪರೀಕ್ಷೆ ಇದೆ. ‘ಒಂದು ಗಂಟೆ ಓದಿದೆ’ ಮತ್ತು ‘ಒಂದು ಗಂಟೆಯಲ್ಲಿ ಓದಿದೆ’ ಎರಡನ್ನೂ ಹೇಳಿ ನೋಡಿ. ಮೊದಲನೆಯದರಲ್ಲಿ ಪುಸ್ತಕ ಮುಗೀತಾ ಗೊತ್ತಿಲ್ಲ. ಎರಡನೆಯದರಲ್ಲಿ ಮುಗೀತು. ಕ್ರಿಯಾಪದ ಎರಡರಲ್ಲೂ ‘ಓದಿದೆ’ಯೇ, ವ್ಯತ್ಯಾಸ ಎಲ್ಲ ಆ ‘ಅಲ್ಲಿ’ಯಲ್ಲಿದೆ. ರಷ್ಯನ್‌ನಲ್ಲಿ ಕ್ರಿಯಾಪದವೂ ಜೊತೆಗೇ ಬದಲಾಗುತ್ತೆ: ‘ಚಾಸ್ ಚಿತಾಲ್’ ಅಂದ್ರೆ ಒಂದು ಗಂಟೆ ಓದಿದೆ, ‘ಜ಼ ಚಾಸ್ ಪ್ರೊಚಿತಾಲ್’ ಅಂದ್ರೆ ಒಂದು ಗಂಟೆಯಲ್ಲಿ ಓದಿದೆ. ಕನ್ನಡ ವಾಕ್ಯದಲ್ಲಿ ಹೊತ್ತಿನ ಪದಕ್ಕೆ ‘ಅಲ್ಲಿ’ ಸೇರಿಸಿದರೆ ನೀವು ಹೇಳಬೇಕಾದ ಅರ್ಥ ಕೆಡುತ್ತಾ ನೋಡಿ. ಕೆಟ್ಟರೆ ಅಪೂರ್ಣ. ‘ಇಡೀ ದಿನದಲ್ಲಿ ಚೆಕ್ ಮಾಡಿದೆ’ ಅಂತ ನಮ್ಮ ಗೆಳೆಯರು ಹೇಳೋಕೆ ಹೊರಟಿರಲಿಲ್ಲ.

ಎರಡನೇ ವಾಕ್ಯಕ್ಕೆ ಬಂದ್ರೆ ತಪ್ಪಿನ ದಿಕ್ಕು ತಿರುಗುತ್ತೆ. ಅಲ್ಲಿ ಕೆಲಸ ನಿಜವಾಗಿ ಮುಗಿದಿದೆ, ದೋಷ ಹೋಗಿದೆ, ಅದನ್ನೇ ಹೇಳಬೇಕಿತ್ತು. ಆದರೆ ಬರೆದದ್ದು ‘ಇಸ್ಪ್ರವ್ಲ್ಯಾಲ್’, ಅಪೂರ್ಣ. ಯಾಕೆ ಹೀಗಾಯ್ತು ಅಂತ ಕೇಳಿದಾಗ ಅವರು ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು: “ಮುಂದೆ ‘ಇಸ್’ ಇದೆಯಲ್ಲ ಸರ್, ಪ್ರಿಫಿಕ್ಸ್ ಇದ್ರೆ ಪೂರ್ಣ ಅಲ್ವಾ?”

ಈ ಉಪಸೂತ್ರ ಎಲ್ಲರ ನೋಟ್‌ಬುಕ್‌ನಲ್ಲೂ ಇರುತ್ತೆ. ಪಿಸಾತ್‌ಗೆ ‘ನ’ ಸೇರಿದರೆ ನಪಿಸಾತ್, ಚಿತಾತ್‌ಗೆ ‘ಪ್ರೊ’ ಸೇರಿದರೆ ಪ್ರೊಚಿತಾತ್. ಮೊದಲ ಪಾಠಗಳಲ್ಲಿ ಬರೋದೆಲ್ಲ ಇಂಥವೇ, ಹಾಗಾಗಿ ಮುಂದೆ ತುಂಡು ಕಂಡರೆ ಪೂರ್ಣ ಅನ್ನೋ ಅಭ್ಯಾಸ ಆಗಿಬಿಡುತ್ತೆ. ಆದರೆ ಮುಂದಿನ ತುಂಡು ಎಷ್ಟೋ ಸಲ ಅರ್ಥವನ್ನೇ ಬದಲಾಯಿಸುತ್ತೆ. ‘ಪೆರೆಪಿಸಾತ್’ ಅಂದ್ರೆ ಮತ್ತೆ ಬರೆ, ತಿರುಗಿ ಬರೆ. ಇದು ಪೂರ್ಣ. ಈ ಹೊಸ ಅರ್ಥಕ್ಕೆ ಅಪೂರ್ಣ ಜೋಡಿ ಬೇಕಲ್ಲ? ‘ಪೆರೆ’ ತೆಗೆದರೆ ‘ಮತ್ತೆ’ ಅನ್ನೋದೇ ಹೋಗುತ್ತೆ. ಅದಕ್ಕೆ ಮುಂದಿನ ತುಂಡು ಹಾಗೇ ಇಟ್ಟು, ಹೊಟ್ಟೆಯಲ್ಲಿ ಇನ್ನೊಂದು ತುಂಡು ಸೇರಿಸ್ತಾರೆ: ಪೆರೆಪೀಸಿವತ್. ಪ್ರೊವೇರಿತ್ ಪೂರ್ಣ, ಪ್ರೊವೆರ್ಯಾತ್ ಅಪೂರ್ಣ. ಇಸ್ಪ್ರಾವಿತ್ ಪೂರ್ಣ, ಇಸ್ಪ್ರವ್ಲ್ಯಾತ್ ಅಪೂರ್ಣ. ಹಾಗಾಗಿ ಪದದ ತಲೆ ನೋಡಿದರೆ ಸಾಲದು, ಹೊಟ್ಟೆ ನೋಡಬೇಕು. ನಡುವೆ ‘ಇವ’ ಅಥವಾ ‘ಯಾ’ ಬಂದು ಪದ ಉದ್ದ ಆಗಿದ್ದರೆ, ತಲೆಯ ಮೇಲೆ ಎಂಥಾ ಪ್ರಿಫಿಕ್ಸ್ ಇದ್ದರೂ ಬಹುತೇಕ ಅಪೂರ್ಣ. ಇನ್ನೊಂದು ಕಾರಣವೂ ಸೇರಿಕೊಳ್ಳುತ್ತೆ: ನಿಘಂಟುಗಳಲ್ಲಿ, ಪಾಠಪುಸ್ತಕದ ಪದಪಟ್ಟಿಗಳಲ್ಲಿ ಜೋಡಿಯ ಅಪೂರ್ಣ ರೂಪವನ್ನೇ ಸಾಮಾನ್ಯವಾಗಿ ಮೊದಲು ಬರೀತಾರೆ. ಅವಸರದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದೇ ಕಾಗದಕ್ಕೆ ಇಳಿಯುತ್ತೆ.

ಈಗ ಅಲ್ಮಾಟಿಯಲ್ಲಿ ಕೂತವರು ‘ಯಾ ಇಸ್ಪ್ರವ್ಲ್ಯಾಲ್ ಒಶೀಬ್ಕು’ ಅಂತ ಓದಿದರೆ ಏನು ತಿಳ್ಕೊಳ್ತಾರೆ? ‘ದೋಷದ ಜೊತೆ ಗುದ್ದಾಡ್ತಿದ್ದೆ’ ಅಂತ. ಸರಿಹೋಯ್ತಾ ಅಂತ ವಾಕ್ಯ ಹೇಳ್ತಿಲ್ಲ, ಆದರೆ ಕೆಲಸದ ವರದಿಯಲ್ಲಿ ಫಲಿತಾಂಶ ಹೇಳದೆ ಬಿಟ್ಟರೆ ಓದೋರು ‘ಆಗಿಲ್ಲ’ ಅಂತಲೇ ಊಹಿಸ್ತಾರೆ. ‘ಇಸ್ಪ್ರಾವಿಲ್’ ಅಂದಿದ್ದರೆ ಅನುಮಾನಕ್ಕೆ ಜಾಗ ಇರಲಿಲ್ಲ. ನಡುವಿನ ಒಂದು ತುಂಡಿನ ಆಟ, ಟಿಕೆಟ್ ಕ್ಲೋಸ್ ಮಾಡಬೇಕಾ ಬೇಡವಾ ಅನ್ನೋದು ಅದರ ಮೇಲೆ.

ಇದೇ ಜಾತಿಯ ಪ್ರಸಿದ್ಧ ಜೋಡಿ ಪರೀಕ್ಷೆಯದ್ದು. ‘ಸ್ದವಾಲ್ ಎಕ್ಜ಼ಾಮೆನ್’ ಅಂದ್ರೆ ಪರೀಕ್ಷೆ ಬರೆದೆ. ‘ಸ್ದಾಲ್ ಎಕ್ಜ಼ಾಮೆನ್’ ಅಂದ್ರೆ ಪಾಸಾದೆ. ಕನ್ನಡದಲ್ಲಿ ಇವು ಎರಡು ಬೇರೆ ಕ್ರಿಯಾಪದ, ಆಸ್ಪೆಕ್ಟಿನ ಮಾತೇ ಇಲ್ಲ. ರೆಸ್ಯೂಮೆಯಲ್ಲಿ ‘ಸ್ದವಾಲ್’ ಅಂತ ಹಾಕಿದರೆ ಹೋಗಿ ಕೂತು ಬಂದೆ ಅಂತ ಅಷ್ಟೇ. ನಮ್ಮಲ್ಲಿ ‘ಹುಡುಕಿದೆ’ ಮತ್ತು ‘ಸಿಕ್ತು’, ‘ಫೋನ್ ಮಾಡಿದೆ’ ಮತ್ತು ‘ಲೈನಿಗೆ ಸಿಕ್ಕಿದರು’ ಅಂತ ಇರೋ ಹಾಗೆ, ಪ್ರಯತ್ನ ಮತ್ತು ಫಲ ಬೇರೆಬೇರೆಯಾಗಿ ಕಾಣೋ ಕೆಲಸಗಳಲ್ಲಿ ರಷ್ಯನ್ ಅಪೂರ್ಣ ಪ್ರಯತ್ನದ ಕಡೆ ನಿಲ್ಲುತ್ತೆ, ಪೂರ್ಣ ಫಲದ ಕಡೆ. ಹಾಗಾಗಿ ‘ಮಾಡಿದೆ’ ಅಂತ ಬರೆಯೋ ಮೊದಲು ‘ಆದರೆ ಆಗಲಿಲ್ಲ’ ಅಂತ ಮುಂದೆ ಸೇರಿಸಿ ನೋಡಿ. ‘ಫೋನ್ ಮಾಡಿದೆ, ಆದರೆ ಸಿಗಲಿಲ್ಲ’ ಅನ್ನಬಹುದು. ನಿಮ್ಮ ಸುದ್ದಿಗೆ ಆ ಬಾಲ ಹೊಂದಲೇಬಾರದು ಅಂದ್ರೆ ಪೂರ್ಣ ರೂಪ ಹಾಕಿ.

ಐದನೇ ವಾಕ್ಯ ನನ್ನ ಮಟ್ಟಿಗೆ ಇಡೀ ಕಾಗದದಲ್ಲೇ ಅತಿ ಸೂಕ್ಷ್ಮ. ‘ನಮ್ಮ ಡಾಕ್ಯುಮೆಂಟ್ ಓದಿದ್ದೀರಾ?’ ಅಂತ ಕೇಳಬೇಕಿತ್ತು. ಹೊಸಬರಾದ ಆ ಹಿರಿಯರಿಗೆ ಆ ಡಾಕ್ಯುಮೆಂಟ್ ಪರಿಚಯ ಇದೆಯಾ, ಇಲ್ಲಾಂದ್ರೆ ಕಳಿಸ್ತೀನಿ ಅನ್ನೋ ಸಾದಾ ಪ್ರಶ್ನೆ. ಸೂತ್ರ ಏನನ್ನುತ್ತೆ? ಓದಿದ್ದರೆ ಓದಿ ಮುಗಿಸಿರ್ತಾರೆ, ಆದ್ದರಿಂದ ‘ಪ್ರೊಚಿತಾಲಿ’. ರಷ್ಯನ್ನರು ಇಲ್ಲಿ ಕೇಳೋದು ‘ಚಿತಾಲಿ’. ಒಂದು ಪುಸ್ತಕ ಓದಿದ್ದೀರಾ, ಒಂದು ಸಿನಿಮಾ ನೋಡಿದ್ದೀರಾ ಅಂತ ಕೇಳುವಾಗಲೂ ಹೀಗೇ. ‘ಹೌದು, ಮೊದಲಿಂದ ಕೊನೆವರೆಗೂ ಓದಿದ್ದೀನಿ’ ಅನ್ನೋರೂ ‘ಚಿತಾಲ್’ ಅಂತಲೇ ಉತ್ತರ ಕೊಡಬಹುದು.

ಇಲ್ಲಿ ‘ಮುಗಿದರೆ ಪೂರ್ಣ’ ಸೂತ್ರ ಪೂರ್ತಿ ಕೈಕೊಡುತ್ತೆ. ಕೆಲಸ ಮುಗಿದಿದೆ, ಆದರೂ ಅಪೂರ್ಣ. ಯಾಕಂದ್ರೆ ಪ್ರಶ್ನೆ ಮುಗಿದದ್ದರ ಬಗ್ಗೆ ಅಲ್ಲ. ಅಂಥದ್ದೊಂದು ಘಟನೆ ನಿಮ್ಮ ಜೀವನದಲ್ಲಿ ನಡೆದಿದೆಯಾ ಅನ್ನೋದಷ್ಟೇ. ರಷ್ಯನ್ ವ್ಯಾಕರಣಕಾರರು ಇದನ್ನ ಸಾಮಾನ್ಯ ಸಂಗತಿ ಹೇಳೋ ಅಪೂರ್ಣ ಅಂತ ಕರೀತಾರೆ. ‘ವಿದ್’ ಅಂದ್ರೆ ನೋಟ ಅಂದೆನಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತೆ. ರಷ್ಯನ್ ಕ್ರಿಯಾಪದ ಲೋಕದಲ್ಲಿ ಏನಾಯ್ತು ಅಂತ ಮಾತ್ರ ಹೇಳಲ್ಲ, ಮಾತಾಡೋರು ಅದರಲ್ಲಿ ಯಾವುದನ್ನ ನೋಡ್ತಿದ್ದಾರೆ ಅಂತಲೂ ಹೇಳುತ್ತೆ. ಪೂರ್ಣ ಹಾಕಿದರೆ ನೋಟ ಒಂದು ನಿರ್ದಿಷ್ಟ ಘಟನೆ ಮತ್ತು ಅದರಿಂದ ಈಗ ಉಳಿದಿರೋ ಫಲದ ಮೇಲಿದೆ.

ಹಾಗಾದ್ರೆ ‘ವಿ ಪ್ರೊಚಿತಾಲಿ?’ ಅಂದ್ರೆ ಏನು ಕೇಳಿಸುತ್ತೆ? ‘ಓದಿ ಆಯ್ತಾ?’ ಅಂತ. ಅಂದ್ರೆ ಓದೋಕೆ ಮೊದಲೇ ಹೇಳಿತ್ತು, ಓದಬೇಕು ಅನ್ನೋ ನಿರೀಕ್ಷೆ ಇತ್ತು, ಈಗ ವಿಚಾರಿಸ್ತಿದ್ದೀನಿ. ಮೇಷ್ಟ್ರು ಹೋಂವರ್ಕ್ ಕೇಳೋ ಧಾಟಿ. ಮೊನ್ನೆ ನೀವೇ ಕಳಿಸಿ, ಓದಿ ಹೇಳಿ ಅಂದಿದ್ದರೆ ಇದು ಸರಿಯಾದ ಪ್ರಶ್ನೆಯೇ. ಆದರೆ ಆ ಹಿರಿಯರಿಗೆ ಯಾರೂ ಅದನ್ನ ಕಳಿಸಿರಲೇ ಇಲ್ಲ. ‘ಯಾವಾಗ ಕೊಟ್ಟಿದ್ರಿ ಓದೋಕೆ?’ ಅಂತ ಅವರಿಗೆ ಅನಿಸಿದರೆ ತಪ್ಪೇನಿಲ್ಲ. ಇಲ್ಲ ಅನ್ನುವಾಗಲೂ ಇದೇ ವ್ಯತ್ಯಾಸ: ‘ನೆ ಚಿತಾಲ್’ ಅಂದ್ರೆ ಓದಿಯೇ ಇಲ್ಲ, ‘ನೆ ಪ್ರೊಚಿತಾಲ್’ ಅಂದ್ರೆ ಓದಬೇಕಿತ್ತು, ಓದಿ ಮುಗಿಸಿಲ್ಲ.

ಫಲ ಉಳಿದಿದೆಯಾ ಇಲ್ವಾ ಅನ್ನೋದು ಇನ್ನೂ ಸ್ಪಷ್ಟವಾಗಿ ಕಾಣೋದು ಹೋಗಿಬರೋ, ತೆಗೆದುಮುಚ್ಚೋ ಕೆಲಸಗಳಲ್ಲಿ. ‘ಪ್ರಿಶೋಲ್ ದ್ರೂಗ್’ ಅಂದ್ರೆ ಗೆಳೆಯ ಬಂದ, ಇಲ್ಲೇ ಇದ್ದಾನೆ. ‘ಪ್ರಿಖೊದೀಲ್ ದ್ರೂಗ್’ ಅಂದ್ರೆ ಗೆಳೆಯ ಬಂದಿದ್ದ, ಬಂದು ಹೋದ. ‘ಕ್ತೊ ಒತ್ಕ್ರೀಲ್ ಒಕ್ನೋ?’ ಕಿಟಕಿ ತೆಗೆದವರು ಯಾರು, ಈಗ ತೆರೆದೇ ಇದೆ. ‘ಕ್ತೊ ಒತ್ಕ್ರಿವಾಲ್ ಒಕ್ನೋ?’ ಕಿಟಕಿ ಯಾರು ತೆಗೆದಿದ್ದರು, ಈಗ ಮುಚ್ಚಿದೆ, ಆದರೆ ಕೋಣೆ ತಣ್ಣಗಿದೆ. ಕನ್ನಡದ ‘ಬಂದ’ ಮತ್ತು ‘ಬಂದಿದ್ದ’ ಇಲ್ಲಿ ಆಶ್ಚರ್ಯ ಆಗೋಷ್ಟು ಹತ್ತಿರ ಬರ್ತವೆ. ‘ನಿಮ್ಮನ್ನ ಕೇಳ್ಕೊಂಡು ಯಾರೋ ಬಂದಿದ್ರು’ ಅಂದ್ರೆ ಅವರು ಹೋಗಿಯಾಯ್ತು ಅಂತ ನಮಗೂ ಗೊತ್ತಾಗುತ್ತಲ್ಲ, ಅದೇ. ಇಂಥ ಕ್ರಿಯಾಪದಗಳಿಗೆ ‘ಇದ್ದ’ ಸೇರಿಸೋ ಪರೀಕ್ಷೆ ಚೆನ್ನಾಗಿ ನಡೆಯುತ್ತೆ. ಎಲ್ಲ ಕಡೆ ನಡೆಯಲ್ಲ, ಅದನ್ನೇ ಹೊಸ ಸೂತ್ರ ಮಾಡ್ಕೋಬೇಡಿ.

ಇದನ್ನ ಕಲಿತ ಮೇಲೆ ಇನ್ನೊಂದು ಬದಿಗೆ ವಾಲೋದೂ ಉಂಟು. ಎಲ್ಲ ಕಡೆ ಅಪೂರ್ಣ ಹಾಕೋಕೆ ಶುರು ಮಾಡ್ತಾರೆ. ‘ಎದ್ದೆ, ಮೇಲ್ ತೆರೆದೆ, ಓದಿದೆ, ಉತ್ತರ ಕೊಟ್ಟೆ’ ಅಂತ ಒಂದಾದ ಮೇಲೊಂದು ಘಟನೆಯ ಸರಪಣಿ ಹೇಳುವಾಗ ಪೂರ್ಣವೇ ಬೇಕು. ಪ್ರತಿಯೊಂದೂ ಒಂದು ಉಂಡೆಯಾಗಿ ಮುಗಿದರೆ ತಾನೇ ಮುಂದಿನದಕ್ಕೆ ಜಾಗ. ಅದೇ ಸರಪಣಿಗೆ ‘ದಿನಾ’ ಅಂತ ಸೇರಿಸಿದರೆ ಎಲ್ಲವೂ ಅಪೂರ್ಣ ಆಗುತ್ತೆ.

ಕೊನೆಗೆ ಆರನೆಯದು, ‘ನೆ ಉದಲೀತೆ ಸ್ತಾರಿಯೆ ಫಾಯ್ಲಿ’. ಒಂದು ಫೈಲ್ ಡಿಲೀಟ್ ಮಾಡಿ ಅಂತ ಕೇಳಿಕೊಳ್ಳೋಕೆ ‘ಉದಲೀತೆ’ ಅನ್ನೋ ಪೂರ್ಣ ರೂಪ ಸರಿ. ಗೆಳೆಯರು ಅದಕ್ಕೆ ಮುಂದೆ ‘ನೆ’ ಅಂತ ಇಲ್ಲ ಸೇರಿಸಿದರು. ಕನ್ನಡದಲ್ಲಿ ಮಾಡಿ, ಮಾಡಬೇಡಿ ಅಂತ ತಿರುಗಿಸೋ ಹಾಗೆ. ರಷ್ಯನ್‌ನಲ್ಲಿ ಬೇಡ ಅನ್ನುವಾಗ ಆಸ್ಪೆಕ್ಟ್ ಕೂಡ ತಿರುಗಬೇಕು: ‘ನೆ ಉದಲ್ಯಾಯ್ತೆ’. ಬೇಡ ಅಂದ್ರೆ ಆ ಕೆಲಸದ ಗೊಡವೆಗೇ ಹೋಗಬೇಡಿ ಅಂತ, ತುದಿ ಮುಟ್ಟೋ ಪ್ರಶ್ನೆಯೇ ಏಳಲ್ಲ. ‘ನೆ ನಾದೊ’, ಅಂದ್ರೆ ಅಗತ್ಯ ಇಲ್ಲ, ಇದರ ಜೊತೆಗೂ ಅಪೂರ್ಣವೇ: ‘ನೆ ನಾದೊ ಉದಲ್ಯಾತ್’.

ಹಾಗಂತ ‘ನೆ ಉದಲೀತೆ’ ಅರ್ಥ ಇಲ್ಲದ ಮಾತಲ್ಲ. ಅದರರ್ಥ ‘ಕೈತಪ್ಪಿ ಡಿಲೀಟ್ ಆಗಿಬಿಟ್ಟೀತು, ಹುಷಾರು’. ಎಚ್ಚರಿಕೆ. ಮಗು ಗೋಡೆ ಹತ್ತಿದಾಗ ರಷ್ಯನ್ ಅಮ್ಮ ‘ನೆ ಉಪದೀ’ ಅಂತಾಳೆ, ಪೂರ್ಣ ರೂಪ. ನಮ್ಮಮ್ಮಂದಿರು ‘ಬೀಳಬೇಡ’ ಅನ್ನಲ್ಲ, ‘ಬಿದ್ದೀಯ, ಜೋಕೆ’ ಅಂತಾರೆ. ಬೀಳೋದು ಯಾರೂ ಬೇಕಂತ ಮಾಡೋದಲ್ಲವಲ್ಲ. ಕನ್ನಡದಲ್ಲಿ ನಿಷೇಧಕ್ಕೆ ‘ಬೇಡ’, ಎಚ್ಚರಿಕೆಗೆ ‘ಬಿದ್ದೀಯ, ಮರೆತೀಯ’ ಅಂತ ಎರಡು ದಾರಿ ಇದೆ. ರಷ್ಯನ್‌ನಲ್ಲಿ ಅದೇ ಎರಡು ದಾರಿಗೆ ಎರಡು ಆಸ್ಪೆಕ್ಟ್. ‘ಮರೆತೀಯ!’ ಅಂತ ಕನ್ನಡದಲ್ಲಿ ಹೇಳೋ ಕಡೆ ‘ನೆ ಜ಼ಬೂದ್’ ಅನ್ನೋ ಪೂರ್ಣ ಬರುತ್ತೆ. ಬೇಡ ಅನ್ನೋದನ್ನ ಈ ‘ಈಯ’ ರೂಪಕ್ಕೆ ತಿರುಗಿಸಿ ನೋಡಿ. ತಿರುಗಿದರೆ ಪೂರ್ಣ, ಇಲ್ಲದಿದ್ದರೆ ಅಪೂರ್ಣ. ಹಿರಿಯ ಎಂಜಿನಿಯರಿಗೆ ‘ಡಿಲೀಟ್ ಮಾಡಿಬಿಟ್ಟೀರಿ, ಹುಷಾರು’ ಅಂತ ಬರೆಯೋದು ಸ್ವಲ್ಪ ಜಾಸ್ತಿಯೇ ಆಯ್ತು.

ನಮ್ಮ ವೃತ್ತಿಯವರಿಗೆ ಇದೇ ಸಾಲಿನಲ್ಲಿ ಇನ್ನೊಂದು ಜೋಡಿ. ‘ನೆಲ್ಜ಼್ಯಾ’ ಅಂದ್ರೆ ಆಗಲ್ಲ ಅಥವಾ ಕೂಡದು. ಯಾವುದು ಅಂತ ಹೇಳೋದು ಮುಂದಿನ ಕ್ರಿಯಾಪದದ ಆಸ್ಪೆಕ್ಟ್. ‘ನೆಲ್ಜ಼್ಯಾ ಒತ್ಕ್ರಿವಾತ್ ಫಾಯ್ಲ್’ ಅಂದ್ರೆ ಫೈಲ್ ತೆರೆಯಕೂಡದು, ತೆರೆಯೋಕೆ ಅನುಮತಿ ಇಲ್ಲ. ‘ನೆಲ್ಜ಼್ಯಾ ಒತ್ಕ್ರೀತ್ ಫಾಯ್ಲ್’ ಅಂದ್ರೆ ಫೈಲ್ ತೆರೆಯೋಕೆ ಆಗ್ತಿಲ್ಲ, ಕೆಟ್ಟಿದೆ. ಮೊದಲನೆಯದನ್ನ ಓದಿದವರು ಮ್ಯಾನೇಜರನ್ನ ಕೇಳ್ತಾರೆ, ಎರಡನೆಯದನ್ನ ಓದಿದವರು ಬ್ಯಾಕಪ್ ಹುಡುಕ್ತಾರೆ.

‘ಇಷ್ಟೊಂದು ಸಂದರ್ಭದ ಮೇಲೆ ನಿಂತಿದ್ರೆ, ಎಲ್ಲಾ ಅವರವರ ಇಷ್ಟ ಅಂತಾಯ್ತಲ್ಲ?’ ಅಂತ ನೀವು ಕೇಳಬಹುದು. ಅಷ್ಟೂ ಅಲ್ಲ. ಲಾರಾ ಜಾಂಡಾ ಮತ್ತು ರಾಬರ್ಟ್ ರೆನಾಲ್ಡ್ಸ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಜವಾದ ರಷ್ಯನ್ ಬರಹದ ತುಣುಕುಗಳಲ್ಲಿ ಮೂಲ ರೂಪವನ್ನೂ ಅದರ ಜೋಡಿಯನ್ನೂ ಇಟ್ಟು ರಷ್ಯನ್ ಮಾತೃಭಾಷೆಯವರಿಗೆ ತೋರಿಸಿದರು. ಸುಮಾರು ಐದರಲ್ಲಿ ನಾಲ್ಕು ಕಡೆ ಒಂದೇ ರೂಪ ಒಪ್ಪಿಗೆ ಆಯ್ತು, ಸುತ್ತಲಿನ ಮಾತೇ ತೀರ್ಮಾನ ಮಾಡಿಬಿಟ್ಟಿತ್ತು. ಉಳಿದ ಕಡೆ ಹೆಚ್ಚಾಗಿ ಎರಡೂ ನಡೀತಿತ್ತು. ಅಂದ್ರೆ ಬಹುಪಾಲು ಸಲ ಉತ್ತರ ವಾಕ್ಯದಲ್ಲೇ, ಪಕ್ಕದ ವಾಕ್ಯದಲ್ಲೇ ಇರುತ್ತೆ. ಎರಡೂ ನಡೆಯೋ ಕಡೆ ಮಾತ್ರ ಅದು ಬರೆಯೋರ ತಲೆಯಲ್ಲಿದೆ, ಅಲ್ಲಿ ತಿದ್ದೋರು ‘ನೀವು ಏನು ಹೇಳಬೇಕಿತ್ತು?’ ಅಂತ ಕೇಳದೆ ತಿದ್ದೋಕಾಗಲ್ಲ. ಅದಕ್ಕೇ ನಾನು ಗೆಳೆಯರ ಕಾಗದದ ಪಕ್ಕ ಕನ್ನಡದಲ್ಲಿ ಬರೆಸಿದ್ದು. ನೀವೂ ಯಾರಿಗಾದರೂ ತಿದ್ದೋಕೆ ಕೊಡುವಾಗ ಹಾಗೆ ಮಾಡಿ. ಬರೀ ರಷ್ಯನ್ ಕೊಟ್ಟರೆ ಎರಡನೇ ವಾಕ್ಯವನ್ನ ಯಾವ ಟೀಚರೂ ಮುಟ್ಟೋದಿಲ್ಲ, ಯಾಕಂದ್ರೆ ಅದರಲ್ಲಿ ಅವರಿಗೆ ತಪ್ಪೇ ಕಾಣಲ್ಲ.

ತಿದ್ದಿದ ಮೇಲೆ ಕಾಗದ ಹೀಗಾಯ್ತು: ವ್ಚೆರಾ ಯಾ ವೆಸ್ ದೆನ್ ಪ್ರೊವೆರ್ಯಾಲ್ ಸೇರ್ವೆರ್. ಯಾ ಇಸ್ಪ್ರಾವಿಲ್ ಒಶೀಬ್ಕು. ಯಾ ನಾಚಲ್ ಪಿಸಾತ್ ಒತ್ಚೋತ್. ಜ಼ಾವ್ತ್ರ ಯಾ ಜ಼ಕೋಂಚು ಒತ್ಚೋತ್. ವಿ ಚಿತಾಲಿ ನಾಶ್ ದೊಕುಮೇಂತ್? ನೆ ಉದಲ್ಯಾಯ್ತೆ ಸ್ತಾರಿಯೆ ಫಾಯ್ಲಿ.

ಮೊದಲ ವಾಕ್ಯದ ಬಗ್ಗೆ ಗೆಳೆಯರು ಆಮೇಲೆ ಒಂದು ಪ್ರಶ್ನೆ ಹಾಕಿದರು. ಸರ್ವರ್ ಪೂರ್ತಿ ಚೆಕ್ ಆಯ್ತು ಅನ್ನೋದನ್ನೂ ಹೇಳಬೇಕು, ಅದು ಈಗ ಹೋಗಿಬಿಡ್ತಲ್ಲ ಅಂತ. ನ್ಯಾಯವಾದ ಮಾತು. ಹಾಗಿದ್ರೆ ‘ಇಡೀ ದಿನ’ ಬಿಟ್ಟು ‘ಒಂದು ದಿನದಲ್ಲಿ’ ಅನ್ನಬೇಕು: ಯಾ ಪ್ರೊವೇರಿಲ್ ಸೇರ್ವೆರ್ ಜ಼ ದೆನ್. ಅವರು ಮೊದಲು ಬರೆದಿದ್ದ ಕ್ರಿಯಾಪದವೇ ವಾಪಸ್ ಬಂತು. ಹೊತ್ತಿನ ಪದ ಬದಲಾಯ್ತು ಅಷ್ಟೇ.